ಆಗುತ್ತದೆಯೋ, ಆಗುತ್ತಿತ್ತೋ?

'ಮಸೂದೆ ಅಂಗೀಕಾರವಾದರೆ ಸಣ್ಣ ರೈತರಿಗೆ ಅನುಕೂಲವಾಗುತ್ತಿತ್ತು ಎಂದು ಸಚಿವರು ಹೇಳಿದರು.' ಪತ್ರಿಕೆಯ ಒಳಪುಟದಲ್ಲಿ ಇಂಥದೊಂದು ಸಾಲು ಕಂಡರೆ ಓದುಗರು ಏನೆಂದು ತಿಳಿಯುತ್ತಾರೆ? ಮಸೂದೆ ಬಿದ್ದುಹೋಗಿದೆ, ಸಚಿವರು ಅದಕ್ಕಾಗಿ ಪೇಚಾಡುತ್ತಿದ್ದಾರೆ ಎಂದೇ ತಿಳಿಯುತ್ತಾರೆ. ಆದರೆ ಮಸೂದೆ ಇನ್ನೂ ಸದನದ ಮುಂದೆ ಬಂದೇ ಇರಲಿಕ್ಕಿಲ್ಲ. ಸಚಿವರು ಆಡಿದ್ದು ಭರವಸೆಯ ಮಾತು, ಅಚ್ಚಾದದ್ದು ವಿಷಾದದ ಮಾತು. ತಪ್ಪಿದ್ದು ಒಂದೇ ಪದ, ಅದೂ ಕ್ರಿಯಾಪದದ ಕೊನೆ. 'ಆಗುತ್ತದೆ' ಎನ್ನಬೇಕಾದ ಕಡೆ 'ಆಗುತ್ತಿತ್ತು' ಬಂದು ಕೂತಿತು.

ಷರತ್ತನ್ನು ಹೇಳುವ 'ರೆ' ಪ್ರತ್ಯಯವನ್ನು ಬಳಸಲು ಕನ್ನಡದ ಯಾವ ಮಗುವಿಗೂ ಕಲಿಸಬೇಕಾಗಿಲ್ಲ. ಮಾತಿನಲ್ಲಿ ಅದು ತಪ್ಪುವುದೂ ಇಲ್ಲ. ತಪ್ಪುವುದು ಬರವಣಿಗೆಯಲ್ಲಿ, ಅದರಲ್ಲೂ ಸುದ್ದಿ, ಕಚೇರಿ ಪತ್ರ, ಕಾನೂನು ಎಂಬ ಮೂರು ಕಡೆ. ಯಾಕೆ ಎಂದು ನೋಡುವ ಮೊದಲು 'ರೆ' ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ನೋಡಬೇಕು.

'ರೆ' ಹೇಳದೆ ಬಿಡುವುದು

ಶಾಲೆಯ ವ್ಯಾಕರಣದಲ್ಲಿ 'ಬಂದರೆ', 'ಮಾಡಿದರೆ' ಎಂಬ ರೂಪಗಳನ್ನು ಕೃದಂತಾವ್ಯಯಗಳ ಪಟ್ಟಿಯಲ್ಲಿ ಇಡುತ್ತಾರೆ. ಅವ್ಯಯ ಎಂದ ಮೇಲೆ ಅದಕ್ಕೆ ಲಿಂಗ, ವಚನ, ಪುರುಷ ಇಲ್ಲ. ನಾನು ಬಂದರೆ, ನೀನು ಬಂದರೆ, ಅವರು ಬಂದರೆ, ಎಲ್ಲಕ್ಕೂ ಒಂದೇ ರೂಪ. ಹಳಗನ್ನಡದಲ್ಲಿ ಇದು 'ಬಂದೊಡೆ' ಎಂದಿತ್ತು, ನಡುಗನ್ನಡದಲ್ಲಿ 'ಬಂದಡೆ' ಆಯಿತು, ಈಗ 'ಬಂದರೆ' ಎಂದು ನಿಂತಿದೆ. ಉಚ್ಚಾರ ಇಷ್ಟು ಸವೆದರೂ ಒಂದು ಗುಣ ಬದಲಾಗಿಲ್ಲ: ಅದು ಕಟ್ಟಿಕೊಳ್ಳುವುದು ಭೂತಕಾಲದ ರೂಪದ ಮೇಲೆ. 'ಬಂದ' ಎಂಬುದು ಆಗಿಹೋದ ಕೆಲಸ, ಆದರೂ 'ನಾಳೆ ಬಂದರೆ' ಎನ್ನಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಎಂದರೆ 'ಬಂದರೆ'ಯೊಳಗಿನ ಭೂತಕಾಲ ಹೆಸರಿಗೆ ಮಾತ್ರ ಇದೆ, ಕಾಲದ ಸುದ್ದಿಯನ್ನು ಅದು ಕೊಡುವುದಿಲ್ಲ.

ಕಾಲವನ್ನಷ್ಟೇ ಅಲ್ಲ, ಷರತ್ತಿನ ಮಾತು ನಿಜವಾಯಿತೋ ಇಲ್ಲವೋ ಎಂಬುದನ್ನೂ ಅದು ಹೇಳುವುದಿಲ್ಲ. ಈ ಎರಡು ವಾಕ್ಯಗಳನ್ನು ನೋಡಿ:

ಹಣ ಇದ್ದರೆ ಕೊಡುತ್ತೇನೆ.

ಹಣ ಇದ್ದರೆ ಕೊಡುತ್ತಿದ್ದೆ.

ಮೊದಲಿನ ಎರಡು ಪದಗಳಲ್ಲಿ ಒಂದಕ್ಷರವೂ ಬೇರೆಯಿಲ್ಲ. ಆದರೂ ಸಾಲ ಕೇಳಲು ಬಂದವನು ಮೊದಲನೆಯದನ್ನು ಕೇಳಿದರೆ ಜಗಲಿಯ ಮೇಲೆ ಕಾಯುತ್ತಾನೆ, ಎರಡನೆಯದನ್ನು ಕೇಳಿದರೆ ಎದ್ದು ಹೋಗುತ್ತಾನೆ. ಕೈಯಲ್ಲಿ ಹಣ ಇಲ್ಲ ಎಂಬ ಸಂಗತಿ ಇರುವುದು 'ಇದ್ದರೆ'ಯಲ್ಲಿ ಅಲ್ಲ, 'ಕೊಡುತ್ತಿದ್ದೆ'ಯಲ್ಲಿ. ಕನ್ನಡದ ಷರತ್ತಿನ ವಾಕ್ಯದ ಗುಟ್ಟು ಇಷ್ಟೇ. ಮೊದಲ ಭಾಗ ಷರತ್ತನ್ನು ಮುಂದಿಡುತ್ತದೆ. ಅದು ಇನ್ನೂ ಆಗಬಹುದಾದದ್ದೋ, ಆಗದೇ ಹೋದದ್ದೋ ಎಂಬ ತೀರ್ಪನ್ನು ಕೊನೆಯ ಕ್ರಿಯಾಪದ ಕೊಡುತ್ತದೆ.

ಆಗಬಹುದಾದ ಮಾತಿಗೆ ಕೊನೆಯಲ್ಲಿ 'ತುಂಬುತ್ತದೆ', 'ತುಂಬಬಹುದು', 'ತುಂಬೀತು', 'ತುಂಬಿಸಿ' ಇವುಗಳಲ್ಲಿ ಯಾವುದೂ ಬರುತ್ತದೆ. ಎಂದಿಗೂ ನಿಜವಾದ ಮಾತಿಗೆ ಕ್ರಿಯಾಪದವೇ ಬೇಡ, 'ಕೈ ಕೆಸರಾದರೆ ಬಾಯಿ ಮೊಸರು' ಎಂದರೆ ಸಾಕು. ಆಗದೇ ಹೋದ ಮಾತಿಗೆ ಬೇರೆಯೇ ಸಾಲು ಇದೆ: 'ತುಂಬುತ್ತಿತ್ತು', 'ತುಂಬುತ್ತಿರಲಿಲ್ಲ', 'ತುಂಬಬಹುದಿತ್ತು', 'ತುಂಬಬೇಕಿತ್ತು', 'ತುಂಬುವ ಸಾಧ್ಯತೆ ಇತ್ತು'. ಎಲ್ಲದರ ಬಾಲದಲ್ಲೂ 'ಇರು' ಧಾತುವಿನ ಭೂತಕಾಲ ಇರುವುದನ್ನು ಗಮನಿಸಿ.

ಒಂದು ಒತ್ತಿನ ಅಂತರ

ಹಾಗಾದರೆ 'ಬಂದರೆ'ಗೂ 'ಬಂದಿದ್ದರೆ'ಗೂ ವ್ಯತ್ಯಾಸವೇ ಇಲ್ಲವೇ? ಇದೆ. 'ಮಳೆ ಬಂದಿದ್ದರೆ ಕೆರೆ ತುಂಬುತ್ತಿತ್ತು' ಎಂಬಲ್ಲಿ 'ಬಂದು', 'ಇದ್ದರೆ' ಎರಡೂ ಸೇರಿವೆ. ಕೆಲಸ ಮುಗಿದ ಸ್ಥಿತಿಯನ್ನು ಅದು ಸೂಚಿಸುವುದರಿಂದ, ಆಗದೇ ಹೋದುದನ್ನು ನೆನೆಯುವಾಗ ಸಹಜವಾಗಿ ಇದೇ ಬಾಯಿಗೆ ಬರುತ್ತದೆ. ಧಾರವಾಡದ ಕಡೆಯವರು 'ಮಳಿ ಬಂದಿದ್ರ ಕೆರಿ ತುಂಬತಿತ್ತು' ಎನ್ನುತ್ತಾರೆ, ಮೈಸೂರಿನ ಕಡೆಯವರು 'ಮಳೆ ಬಂದಿದ್ರೆ ಕೆರೆ ತುಂಬ್ತಿತ್ತು' ಎನ್ನುತ್ತಾರೆ. ಉಚ್ಚಾರ ಬೇರೆ, ಜೋಡಿ ಮಾತ್ರ ಎರಡೂ ಕಡೆ ಒಂದೇ.

'ಹಿಂದೆಲ್ಲ ಒಂದು ಹದ ಮಳೆ ಬಂದರೆ ಈ ಹಳ್ಳ ತುಂಬುತ್ತಿತ್ತು' ಎಂದಾಗ ಅದು ನಿಜವಾಗಿ ನಡೆಯುತ್ತಿದ್ದ ವಾಡಿಕೆ. ಅದೇ 'ತುಂಬುತ್ತಿತ್ತು'. ವಾಡಿಕೆಯ ಮಾತನ್ನೂ ಕೈತಪ್ಪಿದ ಮಾತನ್ನೂ ಬೇರೆ ಮಾಡಿ ತೋರಿಸಲು 'ಬಂದರೆ', 'ಬಂದಿದ್ದರೆ' ಎಂಬ ಭೇದ ನೆರವಾಗುತ್ತದೆ.

ಆದರೆ 'ಬಂದಿದ್ದರೆ' ಎಂದ ಮಾತ್ರಕ್ಕೆ ಸಂಗತಿ ಆಗಲಿಲ್ಲ ಎಂದು ಹೇಳುವಂತಿಲ್ಲ. 'ಅವರು ಆಗಲೇ ಬಂದಿದ್ದರೆ ಒಳಗೆ ಕೂರಿಸಿ' ಎಂಬ ವಾಕ್ಯದಲ್ಲಿ ಅವರು ಬಂದಿರಲೂಬಹುದು. ಇಲ್ಲೂ ತೀರ್ಪು ಕೊನೆಯ ಪದದ್ದೇ.

ನಿಷೇಧದಲ್ಲಂತೂ ಈ ಸಣ್ಣ ಭೇದವೂ ಉಳಿಯುವುದಿಲ್ಲ. 'ಮಳೆ ಬರದಿದ್ದರೆ ಬೆಳೆ ಒಣಗುತ್ತದೆ' ಎಂದರೆ ಮೋಡ ನೋಡುತ್ತ ಕೂತ ರೈತನ ಆತಂಕ. 'ಮಳೆ ಬರದಿದ್ದರೆ ಬೆಳೆ ಒಣಗುತ್ತಿತ್ತು' ಎಂದರೆ ಮಳೆ ಬಂತು, ಬೆಳೆ ಉಳಿಯಿತು ಎಂಬ ನೆಮ್ಮದಿ. 'ಬರದಿದ್ದರೆ' ಎರಡಕ್ಕೂ ಅದೇ. ಆಡುಮಾತು ಈ ತೊಡಕನ್ನು ಕಂಡುಕೊಂಡು 'ಬರದೇ ಇದ್ದಿದ್ದರೆ' ಎಂದು ಇನ್ನೊಂದು 'ಇದ್ದ'ವನ್ನು ಸೇರಿಸಿ ದಾರಿ ಮಾಡಿಕೊಂಡಿದೆ. ಗ್ರಂಥಭಾಷೆಗೆ ಅದು ಒರಟಾಗಿ ಕಾಣುವುದರಿಂದ ಬರೆಯುವವರು 'ಬರದಿದ್ದರೆ'ಯಲ್ಲೇ ನಿಲ್ಲುತ್ತಾರೆ. ಆಗ ಕೊನೆಯ ಕ್ರಿಯಾಪದದ ಹೊಣೆ ಇನ್ನೂ ಹೆಚ್ಚುತ್ತದೆ.

ಕಚೇರಿಯ ಭಾಷೆಯಲ್ಲಿ 'ರೆ'ಯ ಜಾಗಕ್ಕೆ 'ಅಲ್ಲಿ' ಬರುವುದು ಹೆಚ್ಚು: 'ಸಲ್ಲಿಸಿದಲ್ಲಿ', 'ತಪ್ಪಿದಲ್ಲಿ', 'ಕಂಡುಬಂದಲ್ಲಿ', 'ವಿಫಲರಾದ ಪಕ್ಷದಲ್ಲಿ'. ಇದರಲ್ಲಿ ತಪ್ಪೇನಿಲ್ಲ, ಆದರೆ 'ಸಲ್ಲಿಸಿದಲ್ಲಿ' ಮತ್ತು 'ಸಲ್ಲಿಸಿದ್ದಲ್ಲಿ' ಎಂಬ ಎರಡರ ನಡುವೆ ಇರುವುದು ಒಂದು ದಕಾರದ ಒತ್ತು. ಒತ್ತು ಹಾಕಿದರೆ ಹೆಚ್ಚು ಗಂಭೀರವಾಗಿ ಕಾಣುತ್ತದೆ ಎಂಬ ಭಾವನೆಯಿಂದಲೋ ಕೈತಪ್ಪಿನಿಂದಲೋ ಅದು ಬಂದು ಸೇರಿಬಿಡುತ್ತದೆ. ಮುಂದಿನ ಗೊಂದಲಕ್ಕೆ ಬಾಗಿಲು ತೆರೆಯುವುದು ಹೀಗೆ.

ಒಂದು ಪತ್ರ, ಮೂರು ಅರ್ಥ

ವರ್ಗಾವಣೆ ಕೋರಿದ ಶಿಕ್ಷಕಿಯೊಬ್ಬರಿಗೆ ಕಚೇರಿಯಿಂದ ಹೀಗೊಂದು ಹಿಂಬರಹ ಬಂತು ಎಂದುಕೊಳ್ಳೋಣ:

'ತಾವು ನಿಗದಿತ ಅವಧಿಯೊಳಗೆ ವೈದ್ಯಕೀಯ ಪ್ರಮಾಣಪತ್ರವನ್ನು ಸಲ್ಲಿಸಿದ್ದಲ್ಲಿ ತಮ್ಮ ಮನವಿಯನ್ನು ಪರಿಗಣಿಸಲಾಗುವುದು.'

ಮೇಲ್ನೋಟಕ್ಕೆ ಅಚ್ಚುಕಟ್ಟಾದ ವಾಕ್ಯ. ಆದರೆ ಆ ಶಿಕ್ಷಕಿ ಈಗ ಏನು ಮಾಡಬೇಕು? ಇದನ್ನು ಮೂರು ರೀತಿ ಓದಬಹುದು. ಒಂದು, ಪ್ರಮಾಣಪತ್ರ ಬಂದಿದೆಯೋ ಇಲ್ಲವೋ ಕಚೇರಿ ಇನ್ನೂ ನೋಡಿಲ್ಲ. ಬಂದಿದ್ದರೆ ಮನವಿಯನ್ನು ಕೈಗೆತ್ತಿಕೊಳ್ಳುತ್ತಾರೆ. ಎರಡು, ಅವಧಿ ಇನ್ನೂ ಮುಗಿದಿಲ್ಲ; ಈಗ ಸಲ್ಲಿಸಿದರೂ ಆಗುತ್ತದೆ. ಮೂರು, ಅವಧಿಯೊಳಗೆ ಅವರು ಸಲ್ಲಿಸಲಿಲ್ಲ. ಸಲ್ಲಿಸಿದ್ದರೆ ಪರಿಗಣಿಸಬಹುದಿತ್ತು, ಇನ್ನು ಆಗದು.

ಮೊದಲನೆಯ ಅರ್ಥವಿದ್ದರೆ ಅವರು ಸ್ವೀಕೃತಿ ಚೀಟಿ ಹುಡುಕಬೇಕು. ಎರಡನೆಯದಾದರೆ ಇವತ್ತೇ ಆಸ್ಪತ್ರೆಗೆ ಹೋಗಬೇಕು. ಮೂರನೆಯದಾದರೆ ಮೇಲ್ಮನವಿಯ ದಾರಿ ನೋಡಬೇಕು. ಮೂರು ಬೇರೆ ಬೇರೆ ಕೆಲಸ, ಮೂರಕ್ಕೂ ಬೇರೆ ಬೇರೆ ಗಡುವು.

ಗೊಂದಲ ಹುಟ್ಟಿದ್ದು ಎಲ್ಲಿ? 'ಸಲ್ಲಿಸಿದ್ದಲ್ಲಿ' ಎಂಬುದು ಹಿಂದಕ್ಕೆ ನೋಡುತ್ತದೆ, 'ಪರಿಗಣಿಸಲಾಗುವುದು' ಮುಂದಕ್ಕೆ ನೋಡುತ್ತದೆ. ಎರಡೂ ಸೇರಿ ಅರ್ಥ ಕೊಡುವುದು ಮೊದಲನೆಯ ಓದಿನಲ್ಲಿ ಮಾತ್ರ. ಆದರೆ ಬರೆದ ಗುಮಾಸ್ತರ ಮನಸ್ಸಿನಲ್ಲಿ ಇದ್ದದ್ದು ಎರಡನೆಯದೋ ಮೂರನೆಯದೋ ಆಗಿರುವ ಸಾಧ್ಯತೆಯೇ ಹೆಚ್ಚು. 'ಲಾಗುವುದು' ಕಚೇರಿಯ ಸಿದ್ಧ ಮುಕ್ತಾಯ. ವಾಕ್ಯ ಹೇಗೇ ಶುರುವಾಗಿರಲಿ, ಕೊನೆಗೆ ಬೆರಳು ತಾನಾಗಿ ಅದನ್ನೇ ಒತ್ತುತ್ತದೆ.

ತಿದ್ದುವುದು ಕಷ್ಟವಲ್ಲ. ಮೊದಲ ಅರ್ಥಕ್ಕೆ: 'ಪ್ರಮಾಣಪತ್ರವನ್ನು ಈಗಾಗಲೇ ಸಲ್ಲಿಸಿದ್ದರೆ ಸಲ್ಲಿಸಿದ ದಿನಾಂಕವನ್ನು ತಿಳಿಸಿ, ಮನವಿಯನ್ನು ಪರಿಗಣಿಸಲಾಗುವುದು.' ಎರಡನೆಯದಕ್ಕೆ: 'ಮಾರ್ಚ್ 31ರೊಳಗೆ ಪ್ರಮಾಣಪತ್ರ ಸಲ್ಲಿಸಿದರೆ ಮನವಿಯನ್ನು ಪರಿಗಣಿಸಲಾಗುವುದು.' ಮೂರನೆಯದಕ್ಕೆ ಷರತ್ತೇ ಬೇಡ: 'ಅವಧಿಯೊಳಗೆ ಪ್ರಮಾಣಪತ್ರ ಸಲ್ಲಿಸದ ಕಾರಣ ಮನವಿಯನ್ನು ತಿರಸ್ಕರಿಸಲಾಗಿದೆ.' ಆಗಿಹೋದ ತೀರ್ಮಾನವನ್ನು ಷರತ್ತಿನ ಮರೆಯಲ್ಲಿ ನಿಂತು ಹೇಳುವುದು ಸೌಜನ್ಯದಂತೆ ತೋರುತ್ತದೆ. ಓದುವವರಿಗೆ ಮಾತ್ರ ಅದರಿಂದ ಸುಮ್ಮನೆ ಆಸೆ ಹುಟ್ಟುತ್ತದೆ.

ಕಚೇರಿಯ ಇನ್ನೊಂದು ಸಿದ್ಧ ಮುಕ್ತಾಯ 'ಇರುತ್ತದೆ'. 'ಆದೇಶ ಹೊರಡಿಸಲಾಗಿರುತ್ತದೆ' ಎಂದರೆ ಕಡತದ ಭಾಷೆಯಲ್ಲಿ ಆದೇಶ ಹೊರಟಿದೆ ಎಂದರ್ಥ. ಮನೆಯ ಕನ್ನಡದಲ್ಲಿ ಹಾಗಲ್ಲ. 'ಅವನು ಊರಿಗೆ ಬಂದಿರುತ್ತಾನೆ' ಎಂದರೆ ಬಂದಿರಬೇಕು ಎಂಬ ಊಹೆ. ಈ ಊಹೆಯ ರೂಪ ಷರತ್ತಿನ ಹಿಂದೆ ಬಂದು ನಿಂತಾಗ, 'ದೂರು ನೀಡಿದ್ದಲ್ಲಿ ಕ್ರಮ ಕೈಗೊಳ್ಳಲಾಗಿರುತ್ತದೆ' ಎಂಬಂಥ ವಾಕ್ಯ ಹುಟ್ಟುತ್ತದೆ. ಕ್ರಮ ಕೈಗೊಂಡರೋ, ಕೈಗೊಳ್ಳುತ್ತಾರೋ, ದೂರು ಬಂದಿದ್ದರೆ ಕೈಗೊಳ್ಳುತ್ತಿದ್ದರೋ ಎಂದು ದೂರುದಾರರು ಎಷ್ಟು ಸಲ ಓದಿದರೂ ತಿಳಿಯದು.

ಸುದ್ದಿಮನೆಯಲ್ಲಿ ಜಾರುವ ಬಗೆ

ಆರಂಭದಲ್ಲಿ ಕಂಡ ಮಸೂದೆಯ ವಾಕ್ಯಕ್ಕೆ ಕಾರಣ ಬೇರೆ. ಸುದ್ದಿಸಂಸ್ಥೆಯ ಇಂಗ್ಲಿಷ್ ವರದಿಯನ್ನು ಕನ್ನಡಕ್ಕೆ ತರುವಾಗ ಆಗುವ ತಪ್ಪು ಇದು. ಇಂಗ್ಲಿಷಿನಲ್ಲಿ ಒಬ್ಬರ ಮಾತನ್ನು ವರದಿ ಮಾಡುವಾಗ, 'ಹೇಳಿದರು' ಎಂಬುದು ಭೂತಕಾಲವಾದರೆ ಒಳಗಿನ ಮಾತನ್ನೂ ಒಂದು ಮೆಟ್ಟಿಲು ಹಿಂದಕ್ಕೆ ಇಳಿಸುವ ರೂಢಿಯಿದೆ. ಸಚಿವರು 'ವಿಲ್' ಎಂದು ಹೇಳಿದ್ದು ವರದಿಯಲ್ಲಿ 'ವುಡ್' ಆಗುತ್ತದೆ. ಅಲ್ಲಿ ಅದು ವರದಿಯ ವ್ಯಾಕರಣ ಮಾತ್ರ, ಮಸೂದೆಯ ಗತಿಯ ಬಗ್ಗೆ ಏನೂ ಹೇಳುವುದಿಲ್ಲ.

ಕನ್ನಡದ 'ಎಂದು' ಹಾಗಲ್ಲ. ಆಡಿದವರ ಮಾತನ್ನು ಅವರ ಬಾಯಲ್ಲಿ ಬಂದ ಕಾಲದಲ್ಲೇ ಅದು ಹೊತ್ತು ತರುತ್ತದೆ. 'ನಾಳೆ ಬರುತ್ತೇನೆ ಎಂದು ಹೇಳಿದ' ಎನ್ನುತ್ತೇವೆ, 'ಬರುತ್ತಿದ್ದೆ ಎಂದು ಹೇಳಿದ' ಎನ್ನುವುದಿಲ್ಲ. ಇದನ್ನು ಮರೆತ ಅನುವಾದಕ 'ವುಡ್' ಕಂಡ ಕೂಡಲೇ 'ಆಗುತ್ತಿತ್ತು' ಎಂದು ಬರೆದರೆ, ಇಂಗ್ಲಿಷಿನಲ್ಲಿ ಇಲ್ಲದ ಸುದ್ದಿಯೊಂದು ಕನ್ನಡದಲ್ಲಿ ಹುಟ್ಟಿಕೊಳ್ಳುತ್ತದೆ.

ಇದರ ತಿರುಗುಮುರುಗೂ ಉಂಟು. ಅಪಘಾತದ ವರದಿಗಳಲ್ಲಿ 'ಸಕಾಲಕ್ಕೆ ಚಿಕಿತ್ಸೆ ಸಿಕ್ಕಿದ್ದರೆ ಗಾಯಾಳು ಬದುಕುವ ಸಾಧ್ಯತೆ ಇದೆ ಎಂದು ಸ್ಥಳೀಯರು ಹೇಳಿದರು' ಎಂಬಂಥ ಸಾಲು ಬರುತ್ತದೆ. ಗಾಯಾಳು ತೀರಿಕೊಂಡ ಸುದ್ದಿ ಮೇಲಿನ ಸಾಲಿನಲ್ಲೇ ಇದೆ, ಇಲ್ಲಿ ಮಾತ್ರ ಅವರು ಇನ್ನೂ ಬದುಕಬಹುದು. 'ಸಾಧ್ಯತೆ ಇತ್ತು' ಎಂದೋ 'ಬದುಕಬಹುದಿತ್ತು' ಎಂದೋ ಆಗಬೇಕಿತ್ತು. ಇಂಥ ಕಡೆ ವಾಕ್ಯದ ಉದ್ದವೂ ಕೈಕೊಡುತ್ತದೆ. 'ಸಿಕ್ಕಿದ್ದರೆ' ಎಂದಾದ ಮೇಲೆ ಆಸ್ಪತ್ರೆಯ ಹೆಸರು, ಊರು, ಆಂಬುಲೆನ್ಸ್ ತಡವಾದ ಸಂಗತಿ ಎಲ್ಲ ತುಂಬಿ, ಕೊನೆಯ ಕ್ರಿಯಾಪದಕ್ಕೆ ಬರುವ ಹೊತ್ತಿಗೆ ವಾಕ್ಯ ಯಾವ ದಾರಿ ಹಿಡಿದಿತ್ತು ಎಂಬುದೇ ಮರೆತಿರುತ್ತದೆ. 'ನಾನು ಹಕ್ಕಿಯಾಗಿದ್ದರೆ' ಎಂಬ ಪ್ರಬಂಧ ಬರೆಯುವ ಮಕ್ಕಳು ಮೊದಲ ಸಾಲಿನಲ್ಲಿ 'ಹಾರುತ್ತಿದ್ದೆ' ಎಂದು ಶುರುಮಾಡಿ ನಾಲ್ಕನೆಯ ಸಾಲಿಗೆ 'ಹಾರುತ್ತೇನೆ' ಎನ್ನುವುದೂ ಇದೇ ಕಾರಣಕ್ಕೆ.

ಕಾನೂನಿನ 'ತಕ್ಕದ್ದು'

ರಾಜ್ಯದ ರಾಜಭಾಷಾ ಅಧಿನಿಯಮ ಬಂದದ್ದು 1963ರಲ್ಲಿ. ಆಡಳಿತ, ಕಾನೂನುಗಳು ಕನ್ನಡಕ್ಕೆ ಬರುತ್ತ ಹೋದಂತೆ ಇಂಗ್ಲಿಷ್ ಶಾಸನಗಳ 'ಶಲ್' ಎಂಬ ಪದಕ್ಕೆ 'ತಕ್ಕದ್ದು' ನೆಲೆಯೂರಿತು. 'ಅಧ್ಯಕ್ಷರು ಮೂರು ತಿಂಗಳಿಗೊಮ್ಮೆ ಸಭೆ ಕರೆಯತಕ್ಕದ್ದು' ಎಂಬಲ್ಲಿ ಅದು ಚೆನ್ನಾಗಿ ಒಪ್ಪುತ್ತದೆ. ಕರ್ತವ್ಯ ಯಾರದು ಎಂಬುದು ಸ್ಪಷ್ಟ.

ಷರತ್ತಿನ ಹಿಂದೆ ಬಂದಾಗ ಕಥೆ ಬೇರೆ. 'ಯಾವನೇ ವ್ಯಕ್ತಿಯು ಈ ನಿಯಮವನ್ನು ಉಲ್ಲಂಘಿಸಿದರೆ ಅವನು ದಂಡನೆಗೆ ಗುರಿಯಾಗತಕ್ಕದ್ದು' ಎಂಬ ಮಾದರಿಯನ್ನು ಗಮನಿಸಿ. ಇಲ್ಲಿ ಕಾಲ ತಪ್ಪಿಲ್ಲ, ತಪ್ಪಿರುವುದು ಹೊಣೆ. ಕನ್ನಡದ ಕಿವಿಗೆ ಇದು ದಂಡನೆಗೆ ಗುರಿಯಾಗುವುದು ಅಪರಾಧಿಯ ಕರ್ತವ್ಯ, ಅವನೇ ಹೋಗಿ ಅದನ್ನು ನೆರವೇರಿಸಬೇಕು ಎಂಬಂತೆ ಕೇಳುತ್ತದೆ. ಕಾನೂನು ಕರ್ತವ್ಯ ಹೊರಿಸಬೇಕಾದದ್ದು ಶಿಕ್ಷಿಸುವ ಅಧಿಕಾರದ ಮೇಲೆ.

'ತಕ್ಕದ್ದು' ತೆಗೆದು 'ಗುರಿಯಾಗಬಹುದು' ಎಂದರೆ ಸರಿಹೋಗುವುದಿಲ್ಲ. 'ಬಹುದು' ಬಂದೊಡನೆ ಶಿಕ್ಷೆ ಕೊಡುವುದೂ ಬಿಡುವುದೂ ನ್ಯಾಯಾಲಯದ ವಿವೇಚನೆಗೆ ಸೇರಿದ್ದು ಎಂದಾಗುತ್ತದೆ, ಕಾನೂನಿನ ಅರ್ಥವೇ ಬದಲಾಗುತ್ತದೆ. ಆದ್ದರಿಂದ ಕಾನೂನು ಬರೆಯುವವರು 'ತಕ್ಕದ್ದು'ವನ್ನು ಬಿಗಿಯಾಗಿ ಹಿಡಿದಿರುವುದಕ್ಕೆ ಕಾರಣವಿದೆ. ಬದಲಿಸಬೇಕಾದದ್ದು ಕರ್ತೃವನ್ನು: 'ಈ ನಿಯಮವನ್ನು ಉಲ್ಲಂಘಿಸಿದವನಿಗೆ ದಂಡ ವಿಧಿಸತಕ್ಕದ್ದು.' ಷರತ್ತೂ ಹೋಯಿತು, 'ಯಾವನೇ', 'ಅವನು' ಎಂಬ ಎರಡು ಪದಗಳೂ ಉಳಿದವು, ಕರ್ತವ್ಯವೂ ವಿಧಿಸುವವರ ಪಾಲಿಗೆ ಬಂತು. 'ಉಲ್ಲಂಘಿಸಿದವನು', 'ಮಾಡಿದವರು' ಎಂಬ ಈ ರೂಪ ಕನ್ನಡಕ್ಕೆ ಎಷ್ಟು ಸಹಜ ಎಂಬುದಕ್ಕೆ 'ಮಾಡಿದ್ದುಣ್ಣೋ ಮಹಾರಾಯ' ಎಂಬ ಗಾದೆಯೇ ಸಾಕ್ಷಿ. ಅದನ್ನು ಯಾರೂ 'ನೀನು ಏನನ್ನಾದರೂ ಮಾಡಿದಲ್ಲಿ ಅದನ್ನು ಉಣ್ಣತಕ್ಕದ್ದು' ಎಂದು ಹೇಳಲು ಹೋಗಲಿಲ್ಲ.

ತಪ್ಪಿನಂತೆ ಕಂಡರೂ ತಪ್ಪಲ್ಲದವು

ಷರತ್ತಿಗೂ ಕೊನೆಗೂ ಹೊಂದಿಕೆಯಿಲ್ಲ ಎಂದು ಕಂಡದ್ದನ್ನೆಲ್ಲ ತಿದ್ದಲು ಹೊರಟರೆ ಕನ್ನಡದ ಸೊಗಸಾದ ಕೆಲವು ನುಡಿಗಟ್ಟುಗಳು ಕತ್ತರಿಗೆ ಸಿಕ್ಕಿಕೊಳ್ಳುತ್ತವೆ. 'ಹೋಗಿ ನೋಡಿದರೆ ಮನೆಗೆ ಬೀಗ ಹಾಕಿತ್ತು.' ಇಲ್ಲಿ 'ನೋಡಿದರೆ' ಷರತ್ತೇ ಅಲ್ಲ, ನೋಡಿದ್ದೂ ನಿಜ, ಬೀಗವೂ ನಿಜ. ಎದುರಾದ ಅಚ್ಚರಿಯನ್ನು ಹೇಳಲು ಕನ್ನಡ 'ರೆ'ಯನ್ನು ಹೀಗೂ ಬಳಸುತ್ತದೆ. 'ಕಾಲು ಜಾರಿದರೆ ಮುಗಿಯಿತು' ಎಂಬಲ್ಲಿ ಇನ್ನೂ ಆಗದುದಕ್ಕೆ ಭೂತಕಾಲ ಬಂದಿದೆ. ಆಗಿಯೇ ತೀರುತ್ತದೆ ಎಂಬ ಖಚಿತತೆಗೆ ಅದು. 'ಬಿಸಿನೀರು ಬೇಕಾದರೆ ಹಂಡೆಯಲ್ಲಿದೆ' ಎನ್ನುವಾಗ, ಬೇಡವಾದರೂ ನೀರು ಹಂಡೆಯಲ್ಲೇ ಇರುತ್ತದೆ. ಅಲ್ಲಿ ಷರತ್ತು ಅಂಟಿರುವುದು ನೀರಿಗಲ್ಲ, ಹೇಳುವ ಮಾತಿಗೆ. ಇವು ಮೂರೂ ಶುದ್ಧ ಕನ್ನಡ.

ಹಾಗಾದರೆ ನಿಜವಾದ ತಪ್ಪನ್ನು ಗುರುತಿಸುವುದು ಹೇಗೆ? ಬರೆದ ವಾಕ್ಯದ ಕೊನೆಗೆ 'ಆದರೆ ಹಾಗಾಗಲಿಲ್ಲ' ಎಂದು ಸೇರಿಸಿ ಓದಿ. ನೀವು ಹೇಳಹೊರಟ ಸಂಗತಿಗೆ ಅದು ಕೂಡಿಬಂದರೆ ಕ್ರಿಯಾಪದ 'ತ್ತಿತ್ತು', 'ತ್ತಿರಲಿಲ್ಲ', 'ಬಹುದಿತ್ತು', 'ಬೇಕಿತ್ತು' ಇವುಗಳಲ್ಲಿ ಒಂದಾಗಿರಬೇಕು. ಅದರ ಬದಲು 'ಏನಾಗುತ್ತದೋ ನೋಡೋಣ' ಎಂಬುದು ಕೂಡಿಬಂದರೆ ಆ ನಾಲ್ಕೂ ಅಲ್ಲಿ ಇರಕೂಡದು. ಸಚಿವರ ಭರವಸೆಗೆ ಎರಡನೆಯ ಬಾಲ ಹೊಂದುತ್ತದೆ, ಗಾಯಾಳುವಿನ ಸುದ್ದಿಗೆ ಮೊದಲನೆಯದು.

ಎರಡು ಮಿತಿಗಳನ್ನು ನೆನಪಿಡಬೇಕು. ಹಳ್ಳ ತುಂಬುತ್ತಿದ್ದ ವಾಡಿಕೆಯ ಮಾತಿಗೆ ಎರಡು ಬಾಲವೂ ಅಂಟುವುದಿಲ್ಲ, ಅಲ್ಲಿ 'ಹಿಂದೆಲ್ಲ', 'ಆಗೆಲ್ಲ' ಎಂಬಂಥ ಪದವೊಂದು ಇದ್ದರೆ ಸಾಕು. ಕಾನೂನಿನ 'ತಕ್ಕದ್ದು'ವಿಗೂ ಈ ಪರೀಕ್ಷೆ ನಡೆಯದು. ಅಲ್ಲಿ ಕೇಳಬೇಕಾದ ಪ್ರಶ್ನೆ ಆಯಿತೋ ಇಲ್ಲವೋ ಎಂಬುದಲ್ಲ, ಮಾಡಬೇಕಾದವರು ಯಾರು ಎಂಬುದು. ಇನ್ನು ಕಚೇರಿಯ ಹಿಂಬರಹದಂಥ ವಾಕ್ಯಕ್ಕೆ ಎರಡು ಬಾಲವೂ ಸರಾಗವಾಗಿ ಅಂಟಿಕೊಂಡರೆ, ಕ್ರಿಯಾಪದವನ್ನು ತಿದ್ದುವ ಗೋಜಿಗೆ ಹೋಗುವ ಮೊದಲು ಕಡತ ತೆಗೆದು ನೋಡುವುದು ಒಳ್ಳೆಯದು. ಪ್ರಮಾಣಪತ್ರ ಬಂದಿದೆಯೋ ಇಲ್ಲವೋ ಎಂಬುದು ಬರೆಯುವವರಿಗೇ ಗೊತ್ತಿಲ್ಲದಿದ್ದರೆ ಯಾವ ಪ್ರತ್ಯಯವೂ ಅದನ್ನು ಹೇಳಲಾರದು.